ಕಾರವಾರದ ಸೆಕೆಯಲ್ಲಿ ಓಟದ ತಯಾರಿ: ಬೆಳಿಗ್ಗೆಯೋ ಸಂಜೆಯೋ, ನೀರು ಎಷ್ಟು, ಫ್ಯಾನ್ ಹಾಕಬಹುದಾ?

ಕೋಡಿಬಾಗದ ಹುಡುಗ

ಎಲ್ಲರಿಗೂ ನಮಸ್ಕಾರ. ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. 1600 ಮೀಟರ್ ಓಟವನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಧಾರವಾಡದಲ್ಲಿ ಓದುತ್ತಿದ್ದಾಗ ಅದು ದೊಡ್ಡ ವಿಷಯ ಆಗಿರಲಿಲ್ಲ. 5 ಕಿ.ಮೀ. ಆರಾಮಾಗಿ 29 ನಿಮಿಷದಲ್ಲಿ ಓಡುತ್ತಿದ್ದೆ, ವಾಚಿನಲ್ಲಿ ಎದೆಬಡಿತ 150ರ ಆಸುಪಾಸು ಇರುತ್ತಿತ್ತು.

ಮಾರ್ಚ್ ಕೊನೆಗೆ ಊರಿಗೆ ಬಂದೆ. ಇಲ್ಲಿ ಅದೇ ವೇಗದಲ್ಲಿ ಓಡಿದರೆ 170 ದಾಟುತ್ತದೆ. ಮೂರು ಕಿ.ಮೀ. ಆಗುವಷ್ಟರಲ್ಲಿ ಕಾಲು ಸೀಸದ ಹಾಗೆ ಆಗಿ ನಡೆಯಬೇಕಾಗುತ್ತದೆ. ಓಟ ಮುಗಿದ ಮೇಲೆ ತಲೆನೋವು ಬೇರೆ. ನೀರು ಕಮ್ಮಿ ಆಯಿತೇನೋ ಅಂತ ಓಡುವ ಮೊದಲು ಒಂದೂವರೆ ಲೀಟರ್ ಕುಡಿದು ನೋಡಿದೆ. ಹೊಟ್ಟೆ ಗುಳುಗುಳು ಅಂತು, ತಲೆನೋವು ಹೋಗಲಿಲ್ಲ.

ಈಗ ಬೆಳಿಗ್ಗೆ ಆರಕ್ಕೆ ಟ್ಯಾಗೋರ್ ಬೀಚ್ ಪಕ್ಕದ ರಸ್ತೆಯಲ್ಲಿ ಓಟ. ಸಂಜೆ ಮನೆಯ ಮೇಲಿನ ರೂಮಿನಲ್ಲಿ ಸ್ಕಿಪ್ಪಿಂಗ್, ಬಸ್ಕಿ. ಮೇಲೆ ಶೀಟ್ ಇದೆ, ಒಳಗೆ ಬೆಂದು ಹೋಗುತ್ತದೆ.

ನನ್ನ ಪ್ರಶ್ನೆಗಳು. ಫೋನಿನಲ್ಲಿ ಬೆಳಿಗ್ಗೆ 27 ಡಿಗ್ರಿ, ತೇವಾಂಶ 88% ತೋರಿಸುತ್ತದೆ. ಸಂಜೆ ಐದಕ್ಕೆ 32 ಡಿಗ್ರಿ, 66%. ತೇವಾಂಶ ಕಮ್ಮಿ ಅಂದ್ರೆ ಸಂಜೆ ಓಡುವುದೇ ಒಳ್ಳೆಯದಾ? ನೀರು ಎಷ್ಟು ಕುಡಿಯಬೇಕು? ಬೆವರಿನಲ್ಲಿ ಫ್ಯಾನ್ ಹಾಕಿದರೆ ಶೀತ ಆಗುತ್ತದೆ ಅಂತ ಅಮ್ಮ ಬಿಡುವುದಿಲ್ಲ, ಅದು ನಿಜವಾ? ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ದಮ್ಮು ಹೋಗಿಬಿಟ್ಟಿದೆಯಾ?

ಘಟ್ಟದ ಮೇಲಿನವ

ಸೀದಾ ಶಿರಸಿ ಬಸ್ಸು ಹತ್ತು ಮಾರಾಯಾ. ನಮ್ಮಲ್ಲಿ ಏಪ್ರಿಲ್ಲಿನಲ್ಲೂ ಬೆಳಗಿನ ಜಾವ ಚಳಿಗೆ ಕಿವಿ ಮುಚ್ಚಿಕೊಂಡು ಹೊರಡುವವರಿದ್ದಾರೆ. ಮಧ್ಯಾಹ್ನ ಬಿಸಿಲು ಜೋರೇ, ಆದರೆ ಅಡಿಕೆ ತೋಟದೊಳಗೆ ಹೊಕ್ಕರೆ ಬೆವರು ತಾನಾಗೇ ಆರುತ್ತದೆ. ನಿಮ್ಮ ಕರಾವಳಿಯಲ್ಲಿ ಸ್ನಾನ ಮಾಡಿ ಹೊರಗೆ ಬರುವಷ್ಟರಲ್ಲಿ ಮತ್ತೆ ಸ್ನಾನ ಮಾಡಬೇಕು.

ಜಿಮ್ ಗಣಪ

ತಮ್ಮಾ, ಉತ್ತರ ಸುಲಭ. 88ಕ್ಕಿಂತ 66 ಕಮ್ಮಿ, ಹಾಗಾಗಿ ಸಂಜೆ ಓಡು. ಬೆವರು ಜಾಸ್ತಿ ಹೋದಷ್ಟೂ ನೀರು ಜಾಸ್ತಿ ಬೇಕು, ದಿನಕ್ಕೆ ಐದಾರು ಲೀಟರ್ ಇಳಿಸು. ಜೊತೆಗೆ ಎಳನೀರು. ಅದರಲ್ಲಿ ಬೇಕಾದ ಉಪ್ಪೆಲ್ಲ ಇರುತ್ತದೆ. ವೇಗ ಮಾತ್ರ ಬಿಡಬೇಡ. ಸೆಕೆಗೆ ಹೆದರಿ ನಿಧಾನ ಮಾಡಿದರೆ ದೇಹ ನಿಧಾನವನ್ನೇ ಕಲಿಯುತ್ತದೆ.

ಪಿ.ಟಿ. ಅಕ್ಕೋರು

ಗಣಪ ಅವರೇ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ಉಳಿದ ಅರ್ಧ ಈ ಹುಡುಗನನ್ನು ಮಲಗಿಸುತ್ತದೆ.

ಮೊದಲು ಆ ಶೇಕಡಾ ಲೆಕ್ಕ. ಕಾರವಾರದಲ್ಲಿ ಎಲ್ಲರೂ ಅದನ್ನು ನೋಡಿಯೇ ದಾರಿ ತಪ್ಪುತ್ತಾರೆ. ಗಾಳಿ ಬಿಸಿಯಾದ ಹಾಗೆ ಅದಕ್ಕೆ ಹೆಚ್ಚು ನೀರಾವಿ ಹಿಡಿದುಕೊಳ್ಳುವ ಶಕ್ತಿ ಬರುತ್ತದೆ. ಇರುವ ಆವಿ ಅಷ್ಟೇ ಇದ್ದರೂ ಶೇಕಡಾ ಇಳಿಯುತ್ತದೆ. ನೀನು ಕೊಟ್ಟ ಎರಡೂ ಲೆಕ್ಕ ತೆಗೆದುಕೋ. 27 ಡಿಗ್ರಿಯಲ್ಲಿ 88% ಇದ್ದರೂ, 32 ಡಿಗ್ರಿಯಲ್ಲಿ 66% ಇದ್ದರೂ ಗಾಳಿಯಲ್ಲಿರುವ ಆವಿ ಹೆಚ್ಚುಕಮ್ಮಿ ಒಂದೇ. ನಿನ್ನ ಫೋನಿನಲ್ಲಿ ಡ್ಯೂ ಪಾಯಿಂಟ್ ಅಂತ ಇನ್ನೊಂದು ಅಂಕಿ ಇರುತ್ತದೆ, ಅದನ್ನು ನೋಡು. ಗಾಳಿ ಎಷ್ಟು ಡಿಗ್ರಿಗೆ ತಣ್ಣಗಾದರೆ ಆವಿ ಹನಿಯಾಗುತ್ತದೆ ಅನ್ನುವ ಲೆಕ್ಕ ಅದು, ಆವಿ ಹೆಚ್ಚಿದ್ದಷ್ಟೂ ಅಂಕಿ ಹೆಚ್ಚು. ಎರಡೂ ಹೊತ್ತಿಗೆ 25ರ ಹತ್ತಿರ ತೋರಿಸಬೇಕು.

ಅಂದರೆ ಬೆವರು ಆರುವ ಕಷ್ಟ ಬೆಳಿಗ್ಗೆಯೂ ಅಷ್ಟೇ, ಸಂಜೆಯೂ ಅಷ್ಟೇ. ಸಂಜೆ ಅದರ ಮೇಲೆ ಐದು ಡಿಗ್ರಿ ಬಿಸಿ, ಬಿಸಿಲು, ಕಾದ ಡಾಂಬರು. ಹಾಗಾಗಿ ಬೆಳಿಗ್ಗೆಯೇ ಗೆಲ್ಲುತ್ತದೆ. ಡ್ಯೂ ಪಾಯಿಂಟ್ 20ರ ಕೆಳಗಿದ್ದ ದಿನ ಓಟ ಹಗುರ. 24 ದಾಟಿದರೆ ವೇಗದ ಆಸೆ ಬಿಡು, ಎದೆಬಡಿತ ನೋಡಿ ಓಡು. ಇಲ್ಲಿ ಏಪ್ರಿಲ್, ಮೇ ಪೂರ್ತಿ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಸಂಜೆಯ ಪರವಾಗಿ ಒಂದು ಮಾತಿದೆ: ಗಾಳಿ. ಬೆಳಿಗ್ಗೆ ಆರಕ್ಕೆ ಕಡಲ ಕಡೆಯಿಂದ ಗಾಳಿ ಇರುವುದಿಲ್ಲ, ಗುಡ್ಡದ ಕಡೆಯಿಂದ ಬರುವುದೂ ತೀರಾ ಮೆಲ್ಲಗೆ. ಮಧ್ಯಾಹ್ನದ ನಂತರ ಸಮುದ್ರದ ಗಾಳಿ ಚೆನ್ನಾಗಿ ಬೀಸುತ್ತದೆ. ಆದ್ದರಿಂದ ಸೂರ್ಯ ಮುಳುಗಿದ ಮೇಲೆ, ಬಯಲಾದ ಬೀಚಿನಲ್ಲಿ, ನಿಧಾನದ ಓಟಕ್ಕೆ ಅಡ್ಡಿಯಿಲ್ಲ. ಊರೊಳಗಿನ ಓಣಿಯಲ್ಲಿ ಆ ಗಾಳಿ ಸಿಗುವುದಿಲ್ಲ.

ದಮ್ಮು ಎಲ್ಲೂ ಹೋಗಿಲ್ಲ. ಧಾರವಾಡದ ಒಣ ಹವೆಗೆ ಒಗ್ಗಿದ ಮೈ ಇಲ್ಲಿಗೆ ಇನ್ನೂ ಒಗ್ಗಿಲ್ಲ. ಸ್ನಾಯುಗಳಿಗೂ ರಕ್ತ ಬೇಕು, ತಂಪಾಗಲು ಚರ್ಮಕ್ಕೂ ರಕ್ತ ಬೇಕು, ಬೆವರಿನಲ್ಲಿ ನೀರು ಹೋಗಿ ರಕ್ತದ ಪ್ರಮಾಣವೂ ಇಳಿದಿರುತ್ತದೆ. ಹೃದಯ ಅದನ್ನು ಬಡಿತ ಹೆಚ್ಚಿಸಿಯೇ ಸರಿದೂಗಿಸಬೇಕು. ನಿನ್ನ 170 ಬರುವುದು ಅಲ್ಲಿಂದ.

ನೀರಿನ ಬಗ್ಗೆ ಹೇಳುವ ಮೊದಲು ನನಗೊಂದು ಲೆಕ್ಕ ಬೇಕು. ಮನೆಯಲ್ಲಿ ತೂಕದ ಯಂತ್ರ ಇದೆಯಾ? ಓಡುವ ಮೊದಲು ಮೂತ್ರ ಮಾಡಿ ಬಂದು, ಬಟ್ಟೆ ಇಲ್ಲದೆ ತೂಕ ನೋಡು. ಓಟ ಮುಗಿದ ಮೇಲೆ ಮೈ ಪೂರ್ತಿ ಒರೆಸಿಕೊಂಡು ಮತ್ತೆ ಹಾಗೇ ನೋಡು. ಒದ್ದೆ ಬಟ್ಟೆಯಲ್ಲಿ ನೋಡಿದರೆ ಬನಿಯನ್ ಕುಡಿದ ಬೆವರೂ ತೂಕಕ್ಕೆ ಸೇರಿ ಲೆಕ್ಕ ಕೆಡುತ್ತದೆ. ನಡುವೆ ಎಷ್ಟು ಕುಡಿದೆ ಅಂತ ಬರೆದಿಡು.

ಬಿಣಗಾ ಮಾವ

ಅಕ್ಕೋರೇ, ನಾನು ಓಟದವನಲ್ಲ, ಸಂಜೆ ಬೀಚಿನಲ್ಲಿ ನಡೆಯುವವನು. ಬಿ.ಪಿ. ಮಾತ್ರೆ ಇದೆ, ಅದರಲ್ಲಿ ಮೂತ್ರ ಜಾಸ್ತಿ ಬರುವ ಮಾತ್ರೆಯೂ ಒಂದು. ಮಗಳು ದಿನಾ ಒಂದು ಪ್ಯಾಕೆಟ್ ಓ.ಆರ್.ಎಸ್. ಕುಡಿ ಅನ್ನುತ್ತಾಳೆ. ಕುಡಿಯಲೋ ಬೇಡವೋ?

ಪಿ.ಟಿ. ಅಕ್ಕೋರು

ಮಾವ, ನಿಮ್ಮ ಲೆಕ್ಕವೇ ಬೇರೆ. ಅರ್ಧ ಗಂಟೆ ನಡೆದದ್ದಕ್ಕೆ ಓ.ಆರ್.ಎಸ್. ಬೇಕಾಗಿಲ್ಲ, ಅದರ ಉಪ್ಪು ಬಿ.ಪಿ.ಗೆ ಒಳ್ಳೆಯದೂ ಅಲ್ಲ. ಆದರೆ ಆ ಮಾತ್ರೆ ಇರುವವರಿಗೆ ಸೆಕೆಯಲ್ಲಿ ಎದ್ದು ನಿಂತಾಗ ತಲೆಸುತ್ತು ಬರುವುದುಂಟು. ಬಂದರೆ ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ತಿಳಿಸಿ, ನೀವಾಗೇ ಮಾತ್ರೆ ನಿಲ್ಲಿಸಬೇಡಿ. ನಡಿಗೆಯನ್ನು ಸೂರ್ಯ ಇಳಿದ ಮೇಲೆ ಇಟ್ಟುಕೊಳ್ಳಿ.

ಕೋಡಿಬಾಗದ ಹುಡುಗ

ಅಕ್ಕೋರೇ, ಡ್ಯೂ ಪಾಯಿಂಟ್ ನೋಡಿದೆ. ಬೆಳಿಗ್ಗೆ 25, ಸಂಜೆಯೂ 25. ಇಷ್ಟು ದಿನ ಶೇಕಡಾ ನೋಡಿ ಬೆಳಗಿನ ಓಟ ಬಿಡೋಣ ಅಂತಿದ್ದೆ!

ತೂಕವೂ ನೋಡಿದೆ. ಓಡುವ ಮೊದಲು 64.0 ಕೆ.ಜಿ., ಬಂದ ಮೇಲೆ 63.0. ಓಟ, ನಡಿಗೆ ಸೇರಿ 45 ನಿಮಿಷ, ಸುಮಾರು 6 ಕಿ.ಮೀ. ನಡುವೆ ಕುಡಿದ ನೀರು 200 ಮಿ.ಲೀ.

ಪಿ.ಟಿ. ಅಕ್ಕೋರು

ಚೆನ್ನಾಗಿ ಮಾಡಿದ್ದೀಯ. ಇಳಿದದ್ದು ಒಂದು ಕೆ.ಜಿ., ಅಂದರೆ ಒಂದು ಲೀಟರ್. ಕುಡಿದ 200 ಸೇರಿಸು. 45 ನಿಮಿಷಕ್ಕೆ 1.2 ಲೀಟರ್ ಬೆವರು. ಗಂಟೆಗೆ 1.6 ಲೀಟರ್ ಆಯಿತು. ಇದು ಜಾಸ್ತಿಯೇ, ಆದರೆ ನಮ್ಮ ಕಡೆ ಆಶ್ಚರ್ಯವೇನಲ್ಲ.

ಈಗ ಒಂದು ತಮಾಷೆ ನೋಡು. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆರಿದರೆ 580 ಕಿಲೊ ಕ್ಯಾಲರಿಯಷ್ಟು ಬಿಸಿಯನ್ನು ಹೊತ್ತೊಯ್ಯುತ್ತದೆ. ನಿನ್ನ ತೂಕದವರು 6 ಕಿ.ಮೀ. ಓಡಿದಾಗ ಮೈಯಲ್ಲಿ ಹುಟ್ಟುವ ಬಿಸಿ ಸುಮಾರು 300. ಲೆಕ್ಕದ ಪ್ರಕಾರ ಅರ್ಧ ಲೀಟರ್ ಬೆವರು ಸಾಕಿತ್ತು. ಹೋದದ್ದು 1.2. ಉಳಿದದ್ದೆಲ್ಲ ಹನಿಯಾಗಿ ರಸ್ತೆಗೆ ಬಿತ್ತು. ನೆಲಕ್ಕೆ ಬಿದ್ದ ಬೆವರು ನಿನ್ನನ್ನು ತಂಪು ಮಾಡುವುದಿಲ್ಲ, ಸುಮ್ನೆ ನೀರು ಉಪ್ಪು ಎರಡೂ ಖರ್ಚು. ನೀರು ಕುಡಿದರೆ ಈ ಖರ್ಚು ತುಂಬುತ್ತದೆ ನಿಜ, ಆದರೆ ಬೆವರು ಆರುವುದಕ್ಕೆ ನೀರು ಏನೂ ಮಾಡಲಾರದು. ಅದಕ್ಕೆ ಗಾಳಿ ಬೇಕು, ಇಲ್ಲವೇ ವೇಗ ಇಳಿಸಬೇಕು.

ಕುಡಿಯುವ ಲೆಕ್ಕ ಹೀಗೆ. ಓಟದ ಕೊನೆಗೆ ತೂಕ ನೂರಕ್ಕೆ ಎರಡರಷ್ಟು ಇಳಿದರೆ ದಮ್ಮು ಕುಸಿಯಲು ಶುರುವಾಗುತ್ತದೆ. ನಿನಗೆ ಅದು 1.3 ಕೆ.ಜಿ. 45 ನಿಮಿಷದಲ್ಲಿ ಒಂದು ಕೆ.ಜಿ. ಇಳಿದಿದ್ದೀಯ, ಗಡಿ ದಾಟಿಲ್ಲ. ಹಾಗಾಗಿ ಬೆಳಗಿನ ಓಟಕ್ಕೆ ಲೀಟರ್‌ಗಟ್ಟಲೆ ಕುಡಿಯುವ ಅಗತ್ಯ ಇಲ್ಲ. ಎದ್ದ ಕೂಡಲೇ ಒಂದು ದೊಡ್ಡ ಲೋಟ, ನಡುವೆ ಬಾಯಾರಿದಾಗ ನಾಲ್ಕು ಗುಟುಕು. ಗಂಟೆ ಮೀರಿ ಓಡುವ ದಿನ ಮಾತ್ರ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಸ್ವಲ್ಪ ಸ್ವಲ್ಪವಾಗಿ. ಅದಕ್ಕಿಂತ ಹೆಚ್ಚು ಹಾಕಿದರೆ ಓಡುವಾಗ ಹೊಟ್ಟೆ ತೆಗೆದುಕೊಳ್ಳುವುದಿಲ್ಲ, ಅದನ್ನು ನೀನೇ ನೋಡಿದ್ದೀಯ.

ನಿನ್ನ ನಿಜವಾದ ತೊಂದರೆ ಬೆಳಿಗ್ಗೆಗೂ ಸಂಜೆಗೂ ನಡುವೆ ಇದೆ ಅಂತ ನನ್ನ ಅನುಮಾನ. ಬೆಳಿಗ್ಗೆ ಹೋದದ್ದು ತುಂಬದೆ ಸಂಜೆ ಶೀಟಿನ ರೂಮಿನಲ್ಲಿ ಮತ್ತೆ ಬೆವರಿಳಿಸುತ್ತೀಯ. ಮರುದಿನ ಬೆಳಿಗ್ಗೆ ಓಟ ಶುರುವಾಗುವಾಗಲೇ ಕೊರತೆ ಇರುತ್ತದೆ. ಓಟದ ನಂತರ ಮೂರು ನಾಲ್ಕು ಗಂಟೆಯೊಳಗೆ ಹೋದದ್ದಕ್ಕಿಂತ ಸ್ವಲ್ಪ ಹೆಚ್ಚು, ನಿನಗೆ ಒಂದೂಕಾಲರಿಂದ ಒಂದೂವರೆ ಲೀಟರ್ ಕುಡಿ. ಜೊತೆಗೆ ಉಪ್ಪು ಹೋಗಬೇಕು, ಇಲ್ಲದಿದ್ದರೆ ಕುಡಿದದ್ದು ಮೂತ್ರವಾಗಿ ಹೋಗುತ್ತದೆ. ಉಪ್ಪು ಹಾಕಿದ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ, ಮಜ್ಜಿಗೆ ಇಷ್ಟು ಸಾಕು. ಸಂಜೆ ವ್ಯಾಯಾಮಕ್ಕೆ ಮೊದಲು ತೂಕ ಬೆಳಿಗ್ಗೆ ಓಡುವ ಮೊದಲು ಇದ್ದದ್ದಕ್ಕಿಂತ ಅರ್ಧ ಕೆ.ಜಿ.ಗೂ ಮೀರಿ ಇಳಿದಿದ್ದರೆ ಆ ದಿನ ಸಂಜೆ ಬಿಟ್ಟುಬಿಡು.

ಗಣಪ ಅವರ ಐದಾರು ಲೀಟರ್ ಬಗ್ಗೆ: ಓಟ ಮುಗಿದಾಗ ತೂಕ ಮೊದಲಿಗಿಂತ ಏರಿದ್ದರೆ ಜಾಸ್ತಿ ಕುಡಿದಿದ್ದೀಯ ಅಂತ ಅರ್ಥ. ಬರೀ ನೀರು ಹಾಗೆ ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಮೊದಲು ತಲೆನೋವು, ವಾಕರಿಕೆ, ಬೆರಳು ಊದುವುದು. ಹೆಚ್ಚಾದರೆ ಫಿಟ್ಸ್ ಕೂಡ ಬರಬಹುದು. ಇದನ್ನು ನೀರು ಕಮ್ಮಿ ಆಯಿತು ಅಂತ ತಪ್ಪು ತಿಳಿದು ಮತ್ತಷ್ಟು ಕುಡಿಸುವುದೇ ಅಪಾಯ. ನಿನ್ನ ತಲೆನೋವು ಯಾವುದರಿಂದ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಆ ಒಂದೂವರೆ ಲೀಟರ್ ಮಾತ್ರ ನಿಲ್ಲಿಸು.

ಜಿಮ್ ಗಣಪ

ತೂಕ ಏರಬಾರದು ಅನ್ನುವುದನ್ನು ಒಪ್ಪಿದೆ. ಆದರೆ ಎಳನೀರಿಗೆ ಏನು ಕೊರತೆ? ನಮ್ಮಜ್ಜ ಹೊಲದಲ್ಲಿ ದುಡಿದು ಬಂದು ಅದನ್ನೇ ಕುಡಿಯುತ್ತಿದ್ದರು.

ಪಿ.ಟಿ. ಅಕ್ಕೋರು

ಅಜ್ಜ ಅದರ ಮೇಲೆ ಗಂಜಿ, ಒಣಮೀನು ಉಣ್ಣುತ್ತಿದ್ದರು ಅಲ್ವಾ? ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಮ್ಮಿ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಊಟದ ಜೊತೆ ಎಳನೀರು ಚೆನ್ನ. ಅದೊಂದನ್ನೇ ನಂಬಿದರೆ ಉಪ್ಪಿನ ಬಾಕಿ ಹಾಗೇ ಉಳಿಯುತ್ತದೆ. ಬನಿಯನ್ ಒಣಗಿದ ಮೇಲೆ ಬಿಳಿ ಪಟ್ಟೆ ಬೀಳುವವರು ಇದನ್ನು ಹೆಚ್ಚು ಗಮನಿಸಬೇಕು.

ಘಟ್ಟದ ಮೇಲಿನವ

ಮುರುಗಲು ಶರಬತ್ತಿಗೆ ಉಪ್ಪು ಹಾಕಿ ಕುಡಿದರೆ ಆಗುತ್ತದಾ? ನಮ್ಮನೆಯಲ್ಲಿ ಬೇಸಿಗೆ ಪೂರ್ತಿ ಅದೇ.

ಪಿ.ಟಿ. ಅಕ್ಕೋರು

ಆಗುತ್ತದೆ. ಲೀಟರಿಗೆ ಕಾಲು ಚಮಚೆ ಉಪ್ಪು ಬೀಳಲಿ, ಸಕ್ಕರೆ ಪಾಕ ಕಮ್ಮಿ ಇರಲಿ. ಸಿಹಿ ಅತಿಯಾದರೆ ನೀರು ಹೊಟ್ಟೆಯಿಂದ ಬೇಗ ಇಳಿಯುವುದಿಲ್ಲ.

ಅಂಕೋಲಾ ಸೈಕಲ್

ಫ್ಯಾನಿನ ಬಗ್ಗೆ ನಾನು ಹೇಳುತ್ತೇನೆ. ಮಳೆಗಾಲದಲ್ಲಿ ಹೆದ್ದಾರಿಗೆ ಇಳಿಯಲು ಆಗದೆ, ಮನೆಯೊಳಗೆ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ ತುಳಿಯುವವನು ನಾನು. ಹೊರಗೆ ಸೈಕಲ್ ಹೋಗುವಾಗ ಗಾಳಿ ತಾನಾಗೇ ಮೈಗೆ ಬಡಿಯುತ್ತದೆ. ಒಳಗೆ ನೀನು ನಿಂತಲ್ಲೇ ಇರುತ್ತೀಯ, ನಿನ್ನ ಬೆವರಿನ ಆವಿ ನಿನ್ನ ಮೈ ಸುತ್ತಲೇ ನಿಂತಿರುತ್ತದೆ. ಅದನ್ನು ತಳ್ಳಿ ಹಾಕದ ಹೊರತು ಹೊಸ ಬೆವರು ಆರುವುದಿಲ್ಲ. ಸ್ಕಿಪ್ಪಿಂಗಿಗೂ ಇದೇ ಮಾತು.

ಮೇಲಿನ ಸೀಲಿಂಗ್ ಫ್ಯಾನ್ ಸಾಲದು. ಶೀಟಿನ ರೂಮಿನಲ್ಲಿ ಅದು ಶೀಟಿನಡಿ ಕಾದ ಗಾಳಿಯನ್ನೇ ತಲೆಯ ಮೇಲೆ ಸುರಿಯುತ್ತದೆ. ಸ್ಟ್ಯಾಂಡ್ ಫ್ಯಾನ್ ತಗೊ. ಒಂದೂವರೆ ಮೀಟರ್ ದೂರದಲ್ಲಿ, ಎದುರಿಗೆ, ಎದೆ ಮತ್ತು ಮುಖಕ್ಕೆ ಬಡಿಯುವ ಹಾಗೆ ಇಡು. ಅತ್ತಿತ್ತ ತಿರುಗುವ ಗುಂಡಿ ಬಂದ್ ಮಾಡು, ಗಾಳಿ ಒಂದೇ ಸಮ ಬೀಳಬೇಕು. ಎರಡನೇ ಫ್ಯಾನ್ ಇದ್ದರೆ ಬೆನ್ನಿಗೆ.

ಜನ ಮರೆಯುವುದು ಕಿಟಕಿಯನ್ನು. ಬಾಗಿಲು ಕಿಟಕಿ ಮುಚ್ಚಿ ಫ್ಯಾನ್ ಹಾಕಿದರೆ ಅದೇ ಆವಿ ರೂಮಿನೊಳಗೇ ಸುತ್ತುತ್ತದೆ. ನೀನು ಅರ್ಧ ಗಂಟೆಯಲ್ಲಿ ಅರ್ಧ ಲೀಟರಿಗಿಂತ ಹೆಚ್ಚು ಬೆವರು ಸುರಿಸುತ್ತೀಯ, ಅದು ಎಲ್ಲಿಗೆ ಹೋಗಬೇಕು? ಗಾಳಿ ಬರುವ ಕಡೆಯ ಕಿಟಕಿಗೆ ಬೆನ್ನು ಹಾಕಿ ಇಟ್ಟ ಫ್ಯಾನ್, ಎದುರು ಗೋಡೆಯಲ್ಲಿ ತೆರೆದ ಬಾಗಿಲು. ಹೀಗಿದ್ದರೆ ಹೊಸ ಗಾಳಿ ಒಳಗೆ ಬರುತ್ತದೆ, ಹಳೆಯದು ಹೊರಗೆ ಹೋಗುತ್ತದೆ. ವ್ಯಾಯಾಮದ ಕೊನೆಗೆ ಕನ್ನಡಿಯ ಮೇಲೆ ಆವಿ ಕಟ್ಟಿದ್ದರೆ ಅಥವಾ ನೆಲ ಜಾರುತ್ತಿದ್ದರೆ ನಿನ್ನ ರೂಮಿನಲ್ಲಿ ಗಾಳಿ ಬದಲಾಗುತ್ತಿಲ್ಲ.

ಏರ್ ಕೂಲರ್ ಮಾತ್ರ ಕೊಳ್ಳಬೇಡ. ಹುಬ್ಬಳ್ಳಿ, ಕಲಬುರಗಿಯ ಒಣ ಸೆಕೆಗೆ ಅದು ಸರಿ. ಇಲ್ಲಿ ಮೊದಲೇ ಒದ್ದೆಯಾದ ಗಾಳಿಗೆ ಮತ್ತಷ್ಟು ನೀರು ಸೇರಿಸುತ್ತದೆ. ಮುಚ್ಚಿದ ರೂಮಿನಲ್ಲಿ ಹಬೆಯ ಕೋಣೆಯೇ ಆಗುತ್ತದೆ.

ನನ್ನ ಅನುಭವ: ಅದೇ ಗೇರು, ಅದೇ ವೇಗ. ಫ್ಯಾನ್ ಇದ್ದರೆ ಎದೆಬಡಿತ ಒಂದು ಮಟ್ಟಕ್ಕೆ ಹೋಗಿ ನಿಲ್ಲುತ್ತದೆ. ಇಲ್ಲದಿದ್ದರೆ ಹತ್ತು ನಿಮಿಷದ ನಂತರವೂ ಏರುತ್ತಲೇ ಇರುತ್ತದೆ. ನಡುವೆ ಕರೆಂಟ್ ಹೋದರೆ ನಾನು ಇಳಿದುಬಿಡುತ್ತೇನೆ. ಬಂದ ಮೇಲೆ ನೋಡಿಕೊಳ್ಳೋಣ.

ಕೋಡಿಬಾಗದ ಹುಡುಗ

ಅಣ್ಣ, ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. "ಬೆವರು ಮೈಗೆ ಗಾಳಿ ಬಡಿದರೆ ಶೀತ ಆಗೇ ಆಗುತ್ತದೆ, ನಿಮ್ಮ ಅಂಕೋಲಾದವನಿಗೆ ಏನು ಗೊತ್ತು" ಅಂದರು.

ಅಂಕೋಲಾ ಸೈಕಲ್

ಹ್ಹಹ್ಹ. ಅಮ್ಮನ ಜೊತೆ ವಾದ ಬೇಡ. ಶೀತ ಬರುವುದು ವೈರಸ್‌ನಿಂದ, ಫ್ಯಾನಿನಿಂದಲ್ಲ. ಆದರೆ ಮುಗಿದ ಮೇಲೆ ಒದ್ದೆ ಬನಿಯನ್‌ನಲ್ಲೇ ಫ್ಯಾನಿನಡಿ ಮಲಗಬೇಡ, ಒರೆಸಿಕೊಂಡು ಬಟ್ಟೆ ಬದಲಿಸು. ಅಷ್ಟು ಮಾಡಿದರೆ ಅಮ್ಮನಿಗೂ ಸಮಾಧಾನ, ಮೈಯ ದದ್ದೂ ಕಮ್ಮಿ.

ಘಟ್ಟದ ಮೇಲಿನವ

ಗಾಳಿಯೇ ಮೈಗಿಂತ ಬಿಸಿ ಇದ್ದರೆ ಫ್ಯಾನ್ ಬಿಸಿಯನ್ನೇ ಮೈಗೆ ಹೊಡೆಯುವುದಿಲ್ಲವಾ? ಎಲ್ಲೋ ಓದಿದ ನೆನಪು.

ಅಂಕೋಲಾ ಸೈಕಲ್

ಹೌದು, ಗಾಳಿ ಚರ್ಮಕ್ಕಿಂತ ಬಿಸಿಯಾದರೆ, ಅಂದರೆ 35 ಡಿಗ್ರಿ ದಾಟುತ್ತಿದ್ದಂತೆ ಫ್ಯಾನಿನ ಲಾಭ ಇಳಿಯುತ್ತ ಹೋಗುತ್ತದೆ. ಒಣ ಸೆಕೆಯಲ್ಲಿ 40ರ ಮೇಲೆ ಅದು ತೊಂದರೆಯೇ. ಸಂಜೆ ಐದಕ್ಕೆ ಕರಾವಳಿಯಲ್ಲಿ ಆ ಮಟ್ಟ ಬರುವುದಿಲ್ಲ. ಆದರೆ ಶೀಟಿನಡಿ ಬರಬಹುದು! ರೂಮಿನಲ್ಲಿ ಒಂದು ಥರ್ಮಾಮೀಟರ್ ನೇತುಹಾಕಿ ನೋಡು ತಮ್ಮಾ. ಹೊರಗೆ 32 ಇದ್ದಾಗ ಒಳಗೆ 37 ಇದ್ದರೆ ಟೆರೇಸಿನಲ್ಲೋ ಅಂಗಳದಲ್ಲೋ ಸ್ಕಿಪ್ಪಿಂಗ್ ಆಡುವುದೇ ಉತ್ತಮ.

ಪಿ.ಟಿ. ಅಕ್ಕೋರು

ಈಗ ವೇಗದ ಮಾತು. ಗಣಪ ಅವರ ಭಯಕ್ಕೆ ಅರ್ಥ ಇದೆ. ಬರೀ ನಿಧಾನ ಓಡಿದರೆ 1600 ಮೀಟರಿನ ವೇಗ ಕಾಲಿಗೆ ಮರೆತುಹೋಗುತ್ತದೆ. ಹಾಗಾಗಿ ಎರಡನ್ನೂ ಬೇರೆ ಮಾಡಬೇಕು.

ನಿಧಾನದ ಓಟಕ್ಕೆ ವಾಚೇ ಯಜಮಾನ. ಧಾರವಾಡದಲ್ಲಿ 150ರಲ್ಲಿ ಓಡುತ್ತಿದ್ದೆ, ಇಲ್ಲೂ 150ರಲ್ಲೇ ಓಡು. ಕಿ.ಮೀ.ಗೆ ಒಂದು ನಿಮಿಷ ಹೆಚ್ಚು ಹಿಡಿದರೆ ಹಿಡಿಯಲಿ. 155 ದಾಟಿದರೆ ನಡೆ, 135ಕ್ಕೆ ಇಳಿದ ಮೇಲೆ ಮತ್ತೆ ಓಡು. ಮೊದಲ ವಾರ 30 ನಿಮಿಷ ಸಾಕು, ಎರಡನೇ ವಾರದ ಕೊನೆಗೆ 45ಕ್ಕೆ ಏರಿಸು. ಮೈ ಸೆಕೆಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಮೊದಲ ವಾರದಲ್ಲೇ ರಕ್ತದ ನೀರು ಹೆಚ್ಚಿ ಎದೆಬಡಿತ ಇಳಿಯಲು ಶುರುವಾಗುತ್ತದೆ. ಆಮೇಲೆ ಬೆವರು ಬೇಗ ಬರುತ್ತದೆ, ಅದರಲ್ಲಿ ಉಪ್ಪೂ ಕಮ್ಮಿಯಾಗುತ್ತದೆ. ನಡುವೆ ಎರಡು ಮೂರು ವಾರ ಊರು ಬಿಟ್ಟರೆ ಬಹುಪಾಲು ಹೋಯಿತು, ಮತ್ತೆ ಮೊದಲಿಂದ.

ವೇಗಕ್ಕೆ ವಾರಕ್ಕೆ ಒಂದೇ ದಿನ, ಅದೂ ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ಮೈದಾನದಲ್ಲಿ. ಆರೂವರೆ ನಿಮಿಷ ಅಂದರೆ 400 ಮೀಟರಿಗೆ 97 ಸೆಕೆಂಡ್ ಚಿಲ್ಲರೆ. ಆ ವೇಗವನ್ನು ಇಳಿಸಬೇಡ. ಸುತ್ತು ಕಮ್ಮಿ ಮಾಡು, ನಡುವಿನ ವಿಶ್ರಾಂತಿ ಉದ್ದ ಮಾಡು. ಧಾರವಾಡದಲ್ಲಿ ಒಂದೂವರೆ ನಿಮಿಷ ಬಿಟ್ಟು ಆರು ಸುತ್ತು ಓಡುತ್ತಿದ್ದರೆ, ಇಲ್ಲಿ ಮೂರು ನಿಮಿಷ ಬಿಟ್ಟು ನಾಲ್ಕು ಸುತ್ತು. ಬಿಡುವಿನಲ್ಲಿ ನೆರಳಲ್ಲಿ ನಡೆದಾಡು, ತಲೆ, ಕತ್ತು, ಮುಂಗೈಗೆ ನೀರು ಹಾಕಿಕೋ. ಎರಡು ವಾರದ ನಂತರ ಐದು, ಆಮೇಲೆ ಆರು.

ಯಾವಾಗ ನಿಲ್ಲಿಸಬೇಕು ಅಂದರೆ, ಅಷ್ಟೇ ಶ್ರಮ ಹಾಕಿದರೂ ಸುತ್ತು ನಾಲ್ಕು ಸೆಕೆಂಡ್ ಜಾರಿದಾಗ, ಅಥವಾ ಮೂರು ನಿಮಿಷದ ವಿಶ್ರಾಂತಿಯಲ್ಲೂ ಬಡಿತ 130ರ ಕೆಳಗೆ ಇಳಿಯದಾಗ. ಆ ದಿನಕ್ಕೆ ಅಲ್ಲಿಗೆ ಮುಗಿಯಿತು. ಹಿಂದಿನ ರಾತ್ರಿ ನಿದ್ದೆ ಇಲ್ಲದಿದ್ದರೆ, ಜ್ವರ, ಭೇದಿ ಇದ್ದರೆ ವೇಗದ ದಿನವನ್ನೇ ಮುಂದೂಡು. ಶೀತದ ಮಾತ್ರೆ ನುಂಗಿಯೂ ಓಡಬೇಡ, ಅವುಗಳಲ್ಲಿ ಕೆಲವು ಬೆವರನ್ನೇ ತಡೆಯುತ್ತವೆ.

ಜಿಮ್ ಗಣಪ

ಒಂದು ತಕರಾರು. ಪರೀಕ್ಷೆಯ ದಿನ ಸಾಲು ಉದ್ದ ಇದ್ದರೆ ಇವನ ಸರದಿ ಹತ್ತೋ ಹನ್ನೊಂದೋ ಗಂಟೆಗೆ ಬರುತ್ತದೆ. ಬರೀ ಬೆಳಕು ಹರಿಯುವಾಗ ಓಡಿದವನು ಆ ಬಿಸಿಲಿನಲ್ಲಿ ಏನು ಮಾಡುತ್ತಾನೆ?

ಪಿ.ಟಿ. ಅಕ್ಕೋರು

ಸರಿಯಾದ ಪ್ರಶ್ನೆ. ಒಗ್ಗಿದ ಮೇಲೆ ವಾರಕ್ಕೆರಡು ದಿನ ಒಂಬತ್ತೂವರೆಗೆ ನಿಧಾನದ ಓಟ ಅರ್ಧ ಗಂಟೆ ಮಾಡಬಹುದು. ಆ ಹೊತ್ತಿನಲ್ಲಿ ವೇಗದ ಸುತ್ತು ಬೇಡ ಅನ್ನುತ್ತೇನೆ.

ಜಿಮ್ ಗಣಪ

ಒಂದೆರಡಾದರೂ ಪೂರ್ತಿ ವೇಗದಲ್ಲಿ ಬಿಸಿಲಲ್ಲಿ ಓಡಿ ನೋಡದೆ ಧೈರ್ಯ ಬರುವುದಿಲ್ಲ ಅಕ್ಕೋರೇ. ಇದರಲ್ಲಿ ನಾನು ಬಗ್ಗುವುದಿಲ್ಲ.

ರಾತ್ರಿ ಪಾಳಿ ನರ್ಸ್

ಆ ಒಂದೆರಡಕ್ಕೆ ಒಬ್ಬನೇ ಹೋಗಬೇಡ ತಮ್ಮಾ, ಜೊತೆಗೆ ಒಬ್ಬರಿರಲಿ. ಜೊತೆಗಿರುವವರು ಏನು ನೋಡಬೇಕು ಅಂತ ಹೇಳುತ್ತೇನೆ.

ಸೆಕೆಯಲ್ಲಿ ಓಡುವಾಗ ಮೈ ನವಿರೇಳುವುದು, ಚಳಿ ಅನ್ನಿಸುವುದು, ವಾಂತಿ ಬರುವುದು ಆದರೆ ಅಲ್ಲೇ ನಿಲ್ಲಬೇಕು, ನೆರಳಿಗೆ ಬರಬೇಕು. ಹೆಜ್ಜೆ ತಪ್ಪುವುದು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುವುದು, ಸುಮ್ಮನೆ ಸಿಟ್ಟಾಗುವುದು ಕಂಡರೆ ಅದು ಸುಸ್ತಲ್ಲ. ಒಳಗಿನ ಉಷ್ಣತೆ 40 ಡಿಗ್ರಿ ದಾಟಿರಬಹುದು. ಬೆವರು ನಿಂತಿರಬೇಕು ಅಂತ ಕಾಯಬೇಡಿ. ಓಡುತ್ತಿರುವಾಗ ಬಿದ್ದವರು ಎಷ್ಟೋ ಸಲ ಬೆವರುತ್ತಲೇ ಇರುತ್ತಾರೆ.

108ಕ್ಕೆ ಫೋನ್ ಮಾಡಿ, ಆದರೆ ಗಾಡಿ ಬರುವ ತನಕ ಸುಮ್ಮನೆ ಕೂರಬೇಡಿ. ಬಟ್ಟೆ ಸಡಿಲಿಸಿ, ಬಾವಿ ನೀರನ್ನು ಕೊಡಗಟ್ಟಲೆ ಮೈಮೇಲೆ ಸುರಿಯುತ್ತಿರಿ, ಗಾಳಿ ಬೀಸಿ. ಮೀನು ತುಂಬುವ ದೊಡ್ಡ ಟಬ್ ಸಿಕ್ಕರೆ ನೀರು, ಐಸ್ ಹಾಕಿ ಕುತ್ತಿಗೆಯವರೆಗೆ ಕೂರಿಸಿ, ತಲೆ ಮುಳುಗದಂತೆ ಒಬ್ಬರು ಹಿಡಿದುಕೊಳ್ಳಬೇಕು. ಬೈತಖೋಲ್ ಕಡೆ ಐಸಿಗೆ ಬರ ಇಲ್ಲ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ.

ಕೋಡಿಬಾಗದ ಹುಡುಗ

ಎರಡು ವಾರ ಆಯಿತು, ಸುದ್ದಿ ಹೇಳೋಣ ಅಂತ ಬಂದೆ. ಮೊದಲ ಕೆಲವು ದಿನ 150ರಲ್ಲಿ ಓಡುವುದು ಅಂದರೆ ಬೀಚಿನಲ್ಲಿ ವಾಕಿಂಗ್ ಮಾಡುವ ಅಜ್ಜಂದಿರು ನನ್ನನ್ನು ಹಿಂದೆ ಹಾಕುವ ಹಾಗಿತ್ತು. ಈಗ ಅದೇ ಬಡಿತದಲ್ಲಿ ಕಿ.ಮೀ.ಗೆ ಆರೂವರೆ ನಿಮಿಷ ಬರುತ್ತಿದೆ. ಧಾರವಾಡದಷ್ಟಿಲ್ಲ, ಆದರೆ ನಡೆಯದೆ 45 ನಿಮಿಷ ಓಡುತ್ತೇನೆ. 400ರ ನಾಲ್ಕೂ ಸುತ್ತು 97ರೊಳಗೆ ಬಂದವು.

ಬೆಳಿಗ್ಗೆ ಒಂದು ಲೋಟ, ಆಮೇಲೆ ಗಂಜಿ, ಮಜ್ಜಿಗೆ. ತಲೆನೋವು ಬಹಳ ಕಮ್ಮಿಯಾಗಿದೆ. ರೂಮಿನಲ್ಲಿ ಥರ್ಮಾಮೀಟರ್ ನೇತುಹಾಕಿದೆ, ಸಂಜೆ ಐದಕ್ಕೆ 38 ತೋರಿಸಿತು! ಸ್ಕಿಪ್ಪಿಂಗ್ ಈಗ ಅಂಗಳದಲ್ಲಿ, ಏಳು ಗಂಟೆಗೆ, ಸ್ಟ್ಯಾಂಡ್ ಫ್ಯಾನ್ ಜಗಲಿಯಿಂದ ಬೀಸುತ್ತದೆ. ಅಮ್ಮ ಪಕ್ಕದಲ್ಲೇ ಟವೆಲ್ ಹಿಡಿದು ನಿಂತಿರುತ್ತಾರೆ.

ಒಂದು ಉಳಿದಿದೆ. ರಾತ್ರಿ ಆ ರೂಮಿನಲ್ಲಿ ನಿದ್ದೆ ಬರುವುದಿಲ್ಲ. ನಿದ್ದೆ ಇಲ್ಲದ ದಿನ ಬಡಿತ ಹತ್ತು ಜಾಸ್ತಿ ಇರುತ್ತದೆ. ಏನಾದರೂ ಉಪಾಯ?

ಅಂಕೋಲಾ ಸೈಕಲ್

ಶೀಟಿನ ಮೇಲೆ ತೆಂಗಿನ ಮಡಲು ಹಾಸಿ ನೋಡು, ಅಥವಾ ಸುಣ್ಣ ಬಳಿ. ಎರಡೂ ಬಿಸಿಲಿನ ಕಾವನ್ನು ತಡೆಯುತ್ತವೆ. ಹಾಸುವುದಾದರೆ ಗಾಳಿಗೆ ಹಾರದಂತೆ ಕಟ್ಟು. ಸೂರ್ಯ ಮುಳುಗಿದ ಮೇಲೆ ಫ್ಯಾನನ್ನು ಕಿಟಕಿಗೆ ಹೊರಮುಖ ಮಾಡಿ ಒಂದು ಗಂಟೆ ಓಡಿಸು, ಒಳಗಿನ ಬಿಸಿ ಹೊರಗೆ ಹೋಗಲಿ. ಆಮೇಲೆ ಒಳಕ್ಕೆ ತಿರುಗಿಸು.

ಘಟ್ಟದ ಮೇಲಿನವ

ಮಳೆ ಬರುವ ತನಕ ಕೆಳಗಿನ ಜಗಲಿಯಲ್ಲೇ ಮಲಗು ಮಾರಾಯಾ. ಶಿರಸಿ ಬಸ್ಸಿನ ಮಾತು ಈಗಲೂ ಇದೆ.

ಪಿ.ಟಿ. ಅಕ್ಕೋರು

ಜಗಲಿಯೇ ಸರಿ, ಸೊಳ್ಳೆ ಪರದೆ ಕಟ್ಟಿಕೋ. ಶಿರಸಿಗೆ ಮಾತ್ರ ಪರೀಕ್ಷೆ ಮುಗಿಯುವವರೆಗೆ ಹೋಗಬೇಡ, ಒಗ್ಗಿದ್ದೆಲ್ಲ ಅಲ್ಲಿ ಬಿಟ್ಟು ಬರುತ್ತೀಯ. ಮುಂದಿನ ವಾರ ಐದು ಸುತ್ತು, ವಿಶ್ರಾಂತಿ ಮೂರು ನಿಮಿಷವೇ ಇರಲಿ. ಪ್ರತಿ ಸುತ್ತಿನ ಸಮಯ, ಆಮೇಲಿನ ಬಡಿತ ಎರಡನ್ನೂ ಇಲ್ಲಿ ಹಾಕು.